ಪಾಸಾಗಲು ಎಷ್ಟು ಅಂಕ ಬೇಕು?

ಬ್ರಿಟನ್ನಿನಲ್ಲಿ ಕೆಲಸ ಮಾಡಬಯಸುವ ಹೊರದೇಶದ ಅನೇಕ ವೈದ್ಯರು ಬರೆಯುವ ‘ಪ್ಲ್ಯಾಬ್’ ಪರೀಕ್ಷೆಯ ಮೊದಲ ಭಾಗಕ್ಕೆ ನಮ್ಮಲ್ಲಿ ಹಿಂದೆ ಇದ್ದ 35ರಂಥ ಕಾಯಂ ಪಾಸ್ ಅಂಕವಿಲ್ಲ. ಪ್ರಶ್ನೆಪತ್ರಿಕೆ ಕಷ್ಟವಾದರೆ ಅದು ಇಳಿಯುತ್ತದೆ, ಸುಲಭವಾದರೆ ಏರುತ್ತದೆ. ಇದನ್ನು ನಿಗದಿಪಡಿಸುವ ಕ್ರಮಕ್ಕೆ ವಿಲಿಯಂ ಆಂಗಾಫ್ ಹೆಸರಿದೆ. 1971ರಲ್ಲಿ ಅವರು ಬರೆದ ಅಧ್ಯಾಯದ ಒಂದು ಅಡಿಟಿಪ್ಪಣಿಯೇ ಇಂದಿನ ರೂಢಿಗೆ ಮೂಲವೆಂಬುದು ತಮಾಷೆ.

ಅನುಭವಿ ವೈದ್ಯರು ಕೂತು, ಅಂತೂ ಇಂತೂ ಪಾಸಾಗಬಲ್ಲ ನೂರು ಅಭ್ಯರ್ಥಿಗಳನ್ನು ಕಲ್ಪಿಸಿಕೊಳ್ಳುತ್ತಾರೆ. ಪೊಟ್ಯಾಸಿಯಂ ಚುಚ್ಚುಮದ್ದಿನ ಪ್ರಶ್ನೆಯೊಂದು ಬಂತೆನ್ನಿ. ಇವರಲ್ಲಿ ಎಷ್ಟು ಜನ ಸರಿಯುತ್ತರ ಬರೆದಾರು? ಒಬ್ಬರು 95 ಎಂದರು, ಇನ್ನೊಬ್ಬರು 90, ಮೂರನೆಯವರು 60. ‘ಎರಡು ಆಯ್ಕೆಗಳು ಒಂದೇ ಥರ ಇವೆಯಲ್ಲ, ಗೊಂದಲವಾಗುತ್ತೆ’ ಎಂಬುದು ಅವರ ವಾದ. ಚರ್ಚೆಯ ನಂತರ ಅಂದಾಜು 90, 85, 80 ಆಯಿತು. ಸರಾಸರಿ 85, ಅಂದರೆ ಪಾಸ್ ಅಂಕಕ್ಕೆ ಈ ಪ್ರಶ್ನೆಯ ಕೊಡುಗೆ 0.85. ಹೀಗೆ ಎಲ್ಲ ಪ್ರಶ್ನೆಗಳದ್ದನ್ನೂ ಕೂಡಿಸಿದರೆ ಪಾಸ್ ಅಂಕ ಸಿಗುತ್ತದೆ.

ಎಡವುವುದು ಕಲ್ಪನೆಯಲ್ಲೇ. ‘ಇಷ್ಟೂ ಗೊತ್ತಿಲ್ಲದಿದ್ದರೆ ಹೇಗೆ?’ ಎಂದು ತಜ್ಞರು ತಮ್ಮ ಜಾಣ ಶಿಷ್ಯರನ್ನೇ ನೆನೆದು ಅಂಕ ಏರಿಸಿಬಿಡುತ್ತಾರೆ. ಹಿಂದೆ ಅದೇ ಪ್ರಶ್ನೆಗೆ ಎಲ್ಲ ಅಭ್ಯರ್ಥಿಗಳಲ್ಲಿ ಅರ್ಧದಷ್ಟು ಜನ ಮಾತ್ರ ಸರಿಯುತ್ತರ ಬರೆದಿದ್ದರೆಂದು ತೋರಿಸಿದಾಗ, ಗಡಿಯಲ್ಲಿರುವವರಿಗೆ 90 ಕೊಟ್ಟವರು ಮತ್ತೆ ಯೋಚಿಸಲೇಬೇಕಾಗುತ್ತದೆ.