ಘಾಟಿಯಲ್ಲಿ ಕುದಿಯುವ ನೀರು, ಒತ್ತಡ ಹಿಡಿಯದ ಮುಚ್ಚಳ

ಉಜಿರೆ ಕಡೆಯಿಂದ ಚಾರ್ಮಾಡಿ ಘಾಟಿ ಹತ್ತಿ ಕೊಟ್ಟಿಗೆಹಾರದತ್ತ ಹೊರಟಿದ್ದೆವು. ಹಳೆಯ ವ್ಯಾನು, ಏಳು ಜನ, ಮೇಲೆ ಸಾಮಾನು. ಹೆಚ್ಚು ದಾರಿ ಎರಡನೇ ಗೇರಿನಲ್ಲೇ ಸಾಗಿತು. ಬಿಸಿ ತೋರಿಸುವ ಮುಳ್ಳು ಅರ್ಧಕ್ಕಿಂತ ಸ್ವಲ್ಪ ಮೇಲಿತ್ತು, ಗಾಬರಿಪಡುವಷ್ಟೇನೂ ಅಲ್ಲ. ಕಣಿವೆ ನೋಡಲೆಂದು ಒಂದು ತಿರುವಿನಲ್ಲಿ ನಿಲ್ಲಿಸಿ ಎಂಜಿನ್ ಆಫ್ ಮಾಡಿದೆ. ಎರಡು ನಿಮಿಷಕ್ಕೆ ಬಾನೆಟ್ ಒಳಗಿನಿಂದ ಗುಳುಗುಳು ಸದ್ದು. ಎತ್ತಿ ನೋಡಿದರೆ ಓವರ್‌ಫ್ಲೋ ಬಾಟಲಿಯಲ್ಲಿ ದೊಡ್ಡ ದೊಡ್ಡ ಗುಳ್ಳೆಗಳು, ಆಮೇಲೆ ಹಸಿರು ನೀರು ಉಕ್ಕಿ ರಸ್ತೆಗೆ ಹರಿಯಿತು.

ಘಾಟಿಯ ಮೇಲೆ ಮೊದಲು ಸಿಕ್ಕ ಗ್ಯಾರೇಜಿನಲ್ಲಿ, ಹೆಡ್ ಗ್ಯಾಸ್ಕೆಟ್ ಹೋಗಿದೆ, ಹೆಡ್ ಬಿಚ್ಚಬೇಕು ಎಂದರು. ಎರಡನೆಯ ಕಡೆ ಹಿರಿಯ ಮೆಕ್ಯಾನಿಕ್ ಒಬ್ಬರು, "ಹೆಡ್ ಬಿಚ್ಚೋದು ಇದ್ದೇ ಇದೆ ಸಾರ್, ಮೊದಲು ಮುಚ್ಚಳ ನೋಡೋಣ" ಎಂದರು. ಕೆಟ್ಟಿದ್ದು ಮುಚ್ಚಳವೇ. ಅದರ ಬಗ್ಗೆ ನಾನೂ ನಂಬಿದ್ದ ತಪ್ಪುಗಳು ಇವು.

ತಪ್ಪು ಕಲ್ಪನೆ: ಮುಚ್ಚಳ ಇರುವುದು ನೀರು ಚೆಲ್ಲದಿರಲಿ ಎಂದು ಮಾತ್ರ.

ಅಡುಗೆಮನೆಯ ಕುಕ್ಕರ್ ನೆನೆಸಿಕೊಳ್ಳಿ. ಗ್ಯಾಸ್ಕೆಟ್ ಸಡಿಲವಾದ ಕುಕ್ಕರ್ ಕೂಗುವುದಿಲ್ಲ, ಆವಿ ಅಂಚಿನಿಂದಲೇ ಹೊರಟುಹೋಗುತ್ತದೆ. ಒಳಗೆ ಒತ್ತಡ ಕೂಡಿದಾಗಲೇ ನೀರು ನೂರು ಡಿಗ್ರಿ ದಾಟಿದರೂ ಕುದಿಯದೆ ಇರುವುದು. ರೇಡಿಯೇಟರ್ ಮುಚ್ಚಳದ ಕೆಲಸವೂ ಅದೇ. ಅದರ ಅಡಿಯಲ್ಲಿ ಸ್ಪ್ರಿಂಗ್ ಒತ್ತಿ ಹಿಡಿದ ರಬ್ಬರ್ ವಾಷರ್ ಇರುತ್ತದೆ, ಅದು ರೇಡಿಯೇಟರ್ ಬಾಯಿಯ ಒಳಗಿನ ಮೆಟ್ಟಿಲಿನ ಮೇಲೆ ಕೂರುತ್ತದೆ. ಮುಚ್ಚಳದ ನೆತ್ತಿಯ ಮೇಲೆ 0.9 ಅಥವಾ 1.1 ಎಂದು ಅಚ್ಚಾಗಿರುವುದನ್ನು ನೀವು ನೋಡಿರಬಹುದು. ಒಳಗಿನ ಒತ್ತಡ ಅಷ್ಟು ಬಾರ್ ಮುಟ್ಟುವವರೆಗೆ ಸ್ಪ್ರಿಂಗ್ ಸೋಲಬಾರದು ಎಂಬುದು ಅದರ ಅರ್ಥ.

ಸಮುದ್ರಮಟ್ಟದಲ್ಲಿ ಬರೀ ನೀರು 100 ಡಿಗ್ರಿಗೆ ಕುದಿಯುತ್ತದೆ. 0.9 ಬಾರ್ ಒತ್ತಡ ಸೇರಿದರೆ ಸುಮಾರು 119 ಡಿಗ್ರಿವರೆಗೆ ತಡೆಯುತ್ತದೆ. ಅರ್ಧಕ್ಕರ್ಧ ಕೂಲೆಂಟ್ ಬೆರೆಸಿದ್ದರೆ ಇನ್ನೂ ಕೆಲವು ಡಿಗ್ರಿ ಮೇಲಕ್ಕೆ. ನನ್ನ ವ್ಯಾನಿನ ಮುಚ್ಚಳ 0.4ಕ್ಕೇ ಬಾಯಿ ಬಿಡುತ್ತಿತ್ತು. ಅಲ್ಲಿಗೆ ಬರೀ ನೀರಿನ ಲೆಕ್ಕದಲ್ಲಿ ಕುದಿಯುವ ಮಟ್ಟ 109ರ ಆಸುಪಾಸಿಗೆ ಇಳಿದಿತ್ತು. ಬಯಲುಸೀಮೆಯ ನೇರ ರಸ್ತೆಯಲ್ಲಿ ಈ ಹತ್ತು ಡಿಗ್ರಿಯ ನಷ್ಟ ಗೊತ್ತೇ ಆಗುವುದಿಲ್ಲ, ಕಾರಣ ಅಲ್ಲಿ ನೀರು ಅಷ್ಟು ಬಿಸಿಯಾಗುವುದೇ ಇಲ್ಲ. ನಾನು ತಿಂಗಳುಗಟ್ಟಲೆ ಹಾಗೆಯೇ ಓಡಿಸಿದ್ದೆ.

ತಪ್ಪು ಕಲ್ಪನೆ: ಬೆಟ್ಟದ ಮೇಲೆ ತಂಪು, ಎಂಜಿನ್ನಿಗೂ ತಂಪು.

ಗಾಳಿ ತಂಪಾಗಿರುವುದು ನಿಜ. ಆದರೆ ಏರಿನಲ್ಲಿ ಎಂಜಿನ್ ಜೋರಾಗಿ ದುಡಿಯುತ್ತದೆ, ಗಾಡಿ ನಿಧಾನ ಹೋಗುತ್ತದೆ, ರೇಡಿಯೇಟರಿಗೆ ಎದುರುಗಾಳಿ ಕಡಿಮೆ. ಎತ್ತರಕ್ಕೆ ಹೋದಂತೆ ಹೊರಗಿನ ವಾಯುಭಾರವೂ ಇಳಿಯುತ್ತದೆ. ಮಡಿಕೇರಿಯ ಎತ್ತರದಲ್ಲಿ ತೆರೆದ ಪಾತ್ರೆಯ ನೀರು ಸುಮಾರು 96 ಡಿಗ್ರಿಗೇ ಕುದಿಯುತ್ತದೆ. ಮುಚ್ಚಳ ಒತ್ತಡವನ್ನು ಹಿಡಿಯುವುದು ಹೊರಗಿನ ವಾಯುಭಾರದ ಮೇಲೆ, ಹಾಗಾಗಿ ತಳವೇ ಕುಸಿದರೆ ಒಟ್ಟು ಮಟ್ಟವೂ ಕುಸಿಯುತ್ತದೆ.

ಇನ್ನು ನಿಲ್ಲಿಸಿದ ಮೇಲೆ ಉಕ್ಕಿದ್ದೇಕೆ? ಎಂಜಿನ್ ಆಫ್ ಮಾಡಿದ ಕ್ಷಣಕ್ಕೆ ನೀರಿನ ಪಂಪೂ ನಿಲ್ಲುತ್ತದೆ. ಸಿಲಿಂಡರ್ ಹೆಡ್ಡಿನ ಕಾದ ಲೋಹದ ಪಕ್ಕದಲ್ಲಿ ನಿಂತ ನೀರು ಇನ್ನಷ್ಟು ಕಾಯುತ್ತದೆ. ಒಳ್ಳೆಯ ಮುಚ್ಚಳ ಅದನ್ನು ತಾಳಿಕೊಳ್ಳುತ್ತದೆ. ಸೋತ ಮುಚ್ಚಳದ ಕೆಳಗೆ ಅದು ಕುದಿದು, ಆವಿ ಸಣ್ಣ ಪೈಪಿನಲ್ಲಿ ಹಾದು ಬಾಟಲಿಯಲ್ಲಿ ಗುಳ್ಳೆಯಾಗಿ ಏಳುತ್ತದೆ. ಏರು ಹತ್ತಿದ ಕೂಡಲೇ ಎಂಜಿನ್ ಆಫ್ ಮಾಡದೆ ಒಂದೆರಡು ನಿಮಿಷ ಐಡ್ಲಿಂಗಿನಲ್ಲಿ ಬಿಡಬೇಕು ಎಂದು ಹಳೆಯ ಡ್ರೈವರುಗಳು ಹೇಳುವುದು ಇದಕ್ಕೇ.

ತಪ್ಪು ಕಲ್ಪನೆ: ಬಾಟಲಿಯಲ್ಲಿ ಗುಳ್ಳೆ ಎಂದರೆ ಹೆಡ್ ಗ್ಯಾಸ್ಕೆಟ್ ಹೋಯಿತೆಂದೇ ಲೆಕ್ಕ.

ಜನ ಸಾವಿರಾರು ರೂಪಾಯಿ ಕಳೆದುಕೊಳ್ಳುವುದು ಇಲ್ಲಿ. ಗ್ಯಾಸ್ಕೆಟ್ ಸುಟ್ಟಿದ್ದರೂ ಗುಳ್ಳೆ ಬರುತ್ತದೆ, ಸುಳ್ಳಲ್ಲ. ಆದರೆ ಎರಡಕ್ಕೂ ಹೊತ್ತು ಬೇರೆ. ಮುಚ್ಚಳ ಸೋತಿದ್ದರೆ ಗುಳ್ಳೆ ಏಳುವುದು ಎಂಜಿನ್ ಚೆನ್ನಾಗಿ ಕಾದ ಮೇಲೆ, ಅದರಲ್ಲೂ ಏರು ಹತ್ತಿದ ಮೇಲೆ. ಗ್ಯಾಸ್ಕೆಟ್ ಸೋರುತ್ತಿದ್ದರೆ ಸಿಲಿಂಡರಿನಲ್ಲಿ ಉರಿದ ಅನಿಲವೇ ನೀರಿಗೆ ನುಗ್ಗುತ್ತದೆ, ಅದಕ್ಕೆ ನೀರು ಕಾಯುವವರೆಗೆ ಕಾಯಬೇಕಿಲ್ಲ.

ಆದ್ದರಿಂದ ಬೆಳಿಗ್ಗೆ ಎಂಜಿನ್ ಪೂರ್ತಿ ತಣ್ಣಗಿರುವಾಗ ಮುಚ್ಚಳ ತೆಗೆದು ಸ್ಟಾರ್ಟ್ ಮಾಡಿ, ಸ್ವಲ್ಪ ರೇಸ್ ಕೊಟ್ಟು ರೇಡಿಯೇಟರ್ ಬಾಯೊಳಗೆ ನೋಡಬೇಕು. ನೀರು ಕಾಯುವ ಮೊದಲೇ ಎಡೆಬಿಡದೆ ಗುಳ್ಳೆ ಬಂದರೆ ಗ್ಯಾಸ್ಕೆಟ್ ಮೇಲೆ ಅನುಮಾನ ಪಡಿ. ಹೊಸದಾಗಿ ನೀರು ತುಂಬಿದ್ದರೆ ಸಿಕ್ಕಿಕೊಂಡ ಗಾಳಿ ಒಂದಷ್ಟು ಹೊತ್ತು ಬಂದು ನಿಲ್ಲುತ್ತದೆ, ಅದು ಬೇರೆ. ಇನ್ನೊಂದು ಗುರುತು ರೇಡಿಯೇಟರಿನ ಮೇಲಿನ ಹೋಸ್ ಪೈಪು. ಮುಚ್ಚಳ ಹಾಕಿ ಸ್ಟಾರ್ಟ್ ಮಾಡಿದ ಒಂದೆರಡು ನಿಮಿಷದಲ್ಲೇ, ಇನ್ನೂ ತಣ್ಣಗಿರುವಾಗಲೇ, ಅದು ಕಲ್ಲಿನಂತೆ ಗಟ್ಟಿಯಾದರೆ ಗ್ಯಾಸ್ಕೆಟ್ ಕಡೆ ಬೆರಳು. ಎಂಜಿನ್ ಪೂರ್ತಿ ಕಾದ ಮೇಲೂ ಮೆತ್ತಗೇ ಉಳಿದರೆ ಒತ್ತಡ ಎಲ್ಲೋ ಸೋರುತ್ತಿದೆ. ಆಗ ಅದನ್ನು ಬಟ್ಟೆ ಹಿಡಿದೇ ಒತ್ತಿ ನೋಡಬೇಕು, ಫ್ಯಾನಿನಿಂದ ಕೈ ದೂರವಿರಲಿ.

ಆ ಹಿರಿಯರು ಇದನ್ನೆಲ್ಲ ನೋಡಿದ ಮೇಲೆ ಮೀಟರ್ ಕೂಡಿಸಿದ ಒಂದು ಕೈಪಂಪು ತಂದರು. ಮುಚ್ಚಳವನ್ನು ಅದಕ್ಕೆ ಸಿಕ್ಕಿಸಿ ಗಾಳಿ ಒತ್ತಿದರು. ಮುಳ್ಳು 0.4 ದಾಟಲಿಲ್ಲ, ಪಂಪು ನಿಲ್ಲಿಸಿದರೆ ಕೆಳಗಿಳಿಯುತ್ತಿತ್ತು. ಆಮೇಲೆ ಅದೇ ಪಂಪನ್ನು ರೇಡಿಯೇಟರ್ ಬಾಯಿಗೆ ಕೂರಿಸಿ 0.9ರವರೆಗೆ ಒತ್ತಿ ಹತ್ತು ನಿಮಿಷ ಬಿಟ್ಟರು. ಮುಳ್ಳು ಅಲ್ಲಾಡಲಿಲ್ಲ. ಹೋಸು, ರೇಡಿಯೇಟರು ಎಲ್ಲೂ ಸೋರುತ್ತಿರಲಿಲ್ಲ. ಹೆಡ್ ಬಿಚ್ಚುವ ಮಾತು ಅಲ್ಲಿಗೆ ಮುಗಿಯಿತು.

ತಪ್ಪು ಕಲ್ಪನೆ: ಬಾಟಲಿ ತುಂಬಿದೆ, ಹಾಗಾದರೆ ರೇಡಿಯೇಟರೂ ತುಂಬಿದೆ.

ಮುಚ್ಚಳದ ನಡುವೆ ಪುಟ್ಟದೊಂದು ಎರಡನೇ ವಾಲ್ವ್ ಇದೆ. ಎಂಜಿನ್ ತಣಿದು ನೀರು ಕುಗ್ಗಿದಾಗ ಅದು ತೆರೆದು ಬಾಟಲಿಯ ನೀರನ್ನು ವಾಪಸು ಎಳೆದುಕೊಳ್ಳುತ್ತದೆ. ಅದು ಅಂಟಿಕೊಂಡರೆ, ಮೇಲಂಚಿನ ವಾಷರ್ ಒಡೆದರೆ ಅಥವಾ ಬಾಟಲಿಗೆ ಹೋಗುವ ಪೈಪು ಬಿರುಕುಬಿಟ್ಟು ಗಾಳಿ ಎಳೆದರೆ, ಹೋದ ನೀರು ಹಿಂದಿರುಗುವುದಿಲ್ಲ. ಬಾಟಲಿ ತುಂಬಿಯೇ ಇರುತ್ತದೆ, ರೇಡಿಯೇಟರ್ ಪ್ರತಿ ಸಲ ಒಂದಿಷ್ಟು ಖಾಲಿಯಾಗುತ್ತದೆ. ತಣಿದ ಮೇಲೆ ಮೇಲಿನ ಹೋಸ್ ಚಪ್ಪಟೆಯಾಗಿ ಒಳಕ್ಕೆ ಎಳೆದುಕೊಂಡಿದ್ದರೆ ಆ ವಾಲ್ವ್ ಅಂಟಿಕೊಂಡಿರುವ ಸಾಧ್ಯತೆ ಹೆಚ್ಚು. ವಾಲ್ವನ್ನು ಉಗುರಿನಿಂದ ಮೆಲ್ಲಗೆ ಎಳೆದು ಬಿಟ್ಟು ನೋಡಿ, ಟಕ್ಕನೆ ಸ್ವಸ್ಥಾನಕ್ಕೆ ಮರಳಬೇಕು.

ತಪ್ಪು ಕಲ್ಪನೆ: ಉಕ್ಕಿದಾಗ ತಕ್ಷಣ ಮುಚ್ಚಳ ತೆಗೆದು ನೀರು ಹಾಕಬೇಕು.

ಬೇಡ. ಉಳಿದ ಒತ್ತಡ ಒಮ್ಮೆಲೇ ಬಿಟ್ಟುಹೋದರೆ ನೂರು ಡಿಗ್ರಿ ಮೀರಿದ ನೀರು ಇಡಿಯಾಗಿ ಕುದಿದು ಮುಖಕ್ಕೆ ಹಾರುತ್ತದೆ. ಕೈ, ಮುಖ ಸುಟ್ಟುಕೊಳ್ಳುವುದು ಹೀಗೆಯೇ. ಅರ್ಧ ಗಂಟೆಗೂ ಮೇಲೆ ಕಾಯಿರಿ. ಹೋಸ್ ಮೆತ್ತಗಾಗಿ, ಬರಿಗೈಯಲ್ಲಿ ಹಿಡಿಯುವಷ್ಟು ತಣಿದ ಮೇಲೆ ದಪ್ಪ ಬಟ್ಟೆ ಹಾಕಿ ಮುಚ್ಚಳವನ್ನು ಮೊದಲ ತಡೆಯವರೆಗೆ ಮಾತ್ರ ತಿರುಗಿಸಿ, ಸುಂಯ್ ಎನ್ನುವುದು ಪೂರ್ತಿ ನಿಂತ ಮೇಲೆ ತೆಗೆಯಿರಿ.

ತಪ್ಪು ಕಲ್ಪನೆ: ಹೊಸದು ಹಾಕುವುದಾದರೆ ಹೆಚ್ಚು ಒತ್ತಡದ್ದೇ ಹಾಕಿಸೋಣ.

0.9 ಇದ್ದಲ್ಲಿ 0.9ನ್ನೇ ಹಾಕಿಸಿ. ಅದಕ್ಕೂ ಮೀರಿದ್ದು ಹಳೆಯ ಹೋಸಿನ ಕ್ಲಿಪ್ಪನ್ನೋ ರೇಡಿಯೇಟರಿನ ಪ್ಲಾಸ್ಟಿಕ್ ತೊಟ್ಟಿಯನ್ನೋ ಬಿರಿಸಬಹುದು. ವಾಷರ್ ಕೂರುವ ಬಾಯಿಯ ಅಂಚನ್ನೂ ಬೆರಳಾಡಿಸಿ ನೋಡಬೇಕು. ಅಲ್ಲಿ ಉಪ್ಪುಗಟ್ಟಿದ್ದರೆ ಅಥವಾ ಗೀರು ಬಿದ್ದಿದ್ದರೆ ಹೊಸ ಮುಚ್ಚಳವೂ ಒತ್ತಡ ಹಿಡಿಯದು.

ನನ್ನ ಹಳೆಯ ಮುಚ್ಚಳದ ವಾಷರ್ ಗಟ್ಟಿಯಾಗಿ, ಬಾಯಿಯ ಅಚ್ಚು ಅದರಲ್ಲಿ ಆಳವಾದ ಉಂಗುರದಂತೆ ಮೂಡಿತ್ತು. ಹೊಸದಕ್ಕೆ ತಗುಲಿದ್ದು ಕೆಲವೇ ನೂರು ರೂಪಾಯಿ. ಮುಂದಿನ ತಿಂಗಳು ಅದೇ ಏಳು ಜನರನ್ನು ಕೂರಿಸಿಕೊಂಡು ಅದೇ ಘಾಟಿ ಹತ್ತಿದೆ, ಅದೇ ತಿರುವಿನಲ್ಲಿ ನಿಲ್ಲಿಸಿದೆ. ಬಾಟಲಿಯ ನೀರು ಒಂದು ಬೆರಳಿನಷ್ಟು ಏರಿತು. ಸಂಜೆ ತಣಿದ ಮೇಲೆ ನೋಡಿದರೆ ಮತ್ತೆ ಹಳೆಯ ಗೆರೆಗೆ ಇಳಿದಿತ್ತು.