ಹಾಜರಿ ಪಟ್ಟಿಯಿಂದ ಬೆಂಚಿನ ನಕ್ಷೆಗೆ

ಹಾಜರಿ ಪುಸ್ತಕದಲ್ಲಿ ಹೆಸರುಗಳು ಒಂದರ ಕೆಳಗೊಂದು ಇರುತ್ತವೆ. ತರಗತಿಯಲ್ಲಿ ಅದೇ ಮಕ್ಕಳು ಸಾಲು, ಬೆಂಚು, ಎಡ, ಬಲ ಎಂದು ಹಂಚಿಕೊಂಡು ಕೂರುತ್ತಾರೆ. ಪಟ್ಟಿಯನ್ನು ಆಸನಗಳ ನಕ್ಷೆಯಾಗಿಸಲು ಬೇಕಾದ ಲೆಕ್ಕ ಎರಡು ಭಾಗಾಕಾರಗಳಷ್ಟೇ.

38 ಮಕ್ಕಳ ಒಂದು ತರಗತಿ ಇದೆ ಎನ್ನೋಣ. ಕಪ್ಪುಹಲಗೆಯ ಮುಂದೆ 4 ಸಾಲು, ಸಾಲಿಗೆ 5 ಬೆಂಚು, ಬೆಂಚಿಗೆ ಇಬ್ಬರು. ಒಟ್ಟು 40 ಜಾಗ. ಪಟ್ಟಿಯಲ್ಲಿ 27ನೆಯ ಹುಡುಗಿಯ ಜಾಗ ಯಾವುದು? ಮೊದಲು 27ರಿಂದ 1 ಕಳೆಯಬೇಕು. 26ನ್ನು ಒಂದು ಸಾಲಿನ 10 ಜಾಗಗಳಿಂದ ಭಾಗಿಸಿದರೆ 2 ಬಂದು 6 ಉಳಿಯುತ್ತದೆ. ಎರಡು ಸಾಲು ತುಂಬಿವೆ, ಆಕೆ ಮೂರನೆಯ ಸಾಲಿನವಳು. ಉಳಿದ 6ನ್ನು 2ರಿಂದ ಭಾಗಿಸಿದರೆ 3, ಶೇಷ ಸೊನ್ನೆ. ಅಂದರೆ ನಾಲ್ಕನೆಯ ಬೆಂಚು, ಎಡಬದಿ. ಮೊದಲಿಗೆ 1 ಕಳೆಯುವುದನ್ನು ಮರೆಯುವಂತಿಲ್ಲ. ಮರೆತರೆ ಮೊದಲ ಸಾಲಿನ ಕೊನೆಯಲ್ಲಿ ಕೂರಬೇಕಾದ 10ನೆಯ ಮಗು ಎರಡನೆಯ ಸಾಲಿಗೆ ಜಾರುತ್ತದೆ.

ಎಕ್ಸೆಲ್‌ನಲ್ಲಿ ಹೆಸರುಗಳು A2ರಿಂದ A39ರವರೆಗೆ ಇದ್ದರೆ, ಈ ಸೂತ್ರವನ್ನು D2ನಲ್ಲಿ ಬರೆದು K6ರವರೆಗೆ ಎಳೆದರೆ ಸಾಕು:

```
=IFERROR(INDEX($A$2:$A$39, INT((COLUMN()-4)/2)*10 + (ROW()-2)*2 + MOD(COLUMN()-4,2) + 1), "")
```

ಇದು ಮೇಲಿನ ಲೆಕ್ಕವನ್ನೇ ಹಿಂದುಮುಂದಾಗಿ ಮಾಡುತ್ತದೆ: ಹಾಳೆಯ ಮೇಲಿನ ಜಾಗ ನೋಡಿ ಪಟ್ಟಿಯ ಕ್ರಮಸಂಖ್ಯೆ ಹುಡುಕುತ್ತದೆ. D ಮತ್ತು E ಮೊದಲ ಸಾಲಿನ ಎಡ, ಬಲ. F ಮತ್ತು G ಎರಡನೆಯದು. ಕೊನೆಯ ಬೆಂಚಿನ ಎರಡು ಜಾಗ ಖಾಲಿ ಉಳಿಯುತ್ತವೆ.

ತೊಂದರೆ ಇರುವುದು ಸೂತ್ರದೊಳಗಿನ 4 ಮತ್ತು 2 ಎಂಬ ಅಂಕಿಗಳಲ್ಲಿ. ಅವು ನಕ್ಷೆ D2ನಲ್ಲೇ ಶುರುವಾಗುತ್ತದೆ ಎಂದು ನಂಬಿಕೊಂಡಿವೆ. ಶಾಲೆಯ ಹೆಸರು ಬರೆಯಲೆಂದು ಮೇಲೆ ಒಂದು ಅಡ್ಡಸಾಲು ಸೇರಿಸಿದರೆ ಎಲ್ಲರೂ ಒಂದು ಬೆಂಚು ಮುಂದಕ್ಕೆ ಸರಿಯುತ್ತಾರೆ, ಮೊದಲ ಇಬ್ಬರು ಕಾಣೆಯಾಗುತ್ತಾರೆ. ನಕ್ಷೆ ಮಾತ್ರ ನೋಡಲು ಸರಿಯಾಗಿಯೇ ಇರುತ್ತದೆ! ಶೀರ್ಷಿಕೆಗೆ ಜಾಗವನ್ನು ಮೊದಲೇ ಬಿಟ್ಟು, ಆ ಅಂಕಿಯನ್ನು ಅದಕ್ಕೆ ತಕ್ಕಂತೆ ಬದಲಿಸುವುದು ಒಳ್ಳೆಯದು. ವರ್ಷದ ನಡುವೆ ಸೇರಿದ ಮಗುವಿನ ಹೆಸರನ್ನು A40ಯಲ್ಲಿ ಬರೆದರೂ ಸೂತ್ರ ಅದನ್ನು ನೋಡುವುದಿಲ್ಲ. $A$39 ಎಂಬುದನ್ನು ತಿದ್ದಬೇಕು. ಪಟ್ಟಿಯ ನಡುವೆ ಖಾಲಿ ಸೆಲ್ ಇದ್ದರೆ ಬೆಂಚಿನ ಮೇಲೆ 0 ಕಾಣುತ್ತದೆ. ಒಂದೇ ಹೆಸರಿನ ಇಬ್ಬರಿದ್ದರೆ ಪಟ್ಟಿಯಲ್ಲೇ ಹೆಸರಿನ ಜೊತೆ ರೋಲ್ ನಂಬರ್ ಬರೆಯಬೇಕು.

ಈ ನಕ್ಷೆಯಲ್ಲಿ ಕಪ್ಪುಹಲಗೆ ಹಾಳೆಯ ಮೇಲ್ತುದಿಗಿದೆ, ಎಡಬಲಗಳು ಮಕ್ಕಳವು. ಮಕ್ಕಳಿಗೆ ಎದುರಾಗಿ ನಿಂತ ಶಿಕ್ಷಕರು ಹಾಳೆಯನ್ನು ತಲೆಕೆಳಗಾಗಿ ಹಿಡಿದರೆ ಜಾಗಗಳು ಹೊಂದುತ್ತವೆ.

ಮುದ್ರಿಸುವ ಮುನ್ನ ಬೇರೊಂದು ಸೆಲ್‌ನಲ್ಲಿ ಇದನ್ನು ಬರೆದು ನೋಡಿ:

```
=COUNTIF(D2:K6,"?*")
```

ಹಾಜರಿ ಪುಸ್ತಕದಲ್ಲಿರುವಷ್ಟೇ, ಅಂದರೆ 38 ಬರದಿದ್ದರೆ ಯಾವುದೋ ಮಗುವಿಗೆ ಬೆಂಚು ಸಿಕ್ಕಿಲ್ಲ.