ಮೇಷ್ಟ್ರ ಟಿಪ್ಪಣಿ ಎಲ್ಲರಿಗೂ ಕಂಡಿತು

ಭಾನುವಾರ ಬೆಳಗ್ಗೆ ಹತ್ತೂವರೆ. ನಮ್ಮ ಬೀದಿಯ ನಿವೃತ್ತ ಭೌತಶಾಸ್ತ್ರ ಮೇಷ್ಟ್ರು ಮಹಡಿಯ ಕೋಣೆಯಲ್ಲಿ ಕೂತು ಗ್ರಹಣದ ಬಗ್ಗೆ ಝೂಮ್‌ನಲ್ಲಿ ಪಾಠ ಹೇಳುತ್ತಿದ್ದರು. ನಾಲ್ಕನೇ ಸ್ಲೈಡಿಗೆ ಬಂದಿರಬೇಕು, ಹಳೆಯ ಶಿಷ್ಯನೊಬ್ಬ ಚಾಟ್‌ನಲ್ಲಿ ಬರೆದ: “ಸರ್, ಇಲ್ಲಿ ನಗಬೇಕು ಅಂತ ಬರೆದಿದೆ. ಈಗಲೇ ನಗಲಾ?” ಸ್ಲೈಡಿನ ಪಕ್ಕದ ಟಿಪ್ಪಣಿಯಲ್ಲಿ ಮೇಷ್ಟ್ರು ತಮಗೆಂದೇ ಬರೆದುಕೊಂಡಿದ್ದು ಹೀಗಿತ್ತು: “ರಾಹು ಜೋಕು. ನಗುವ ತನಕ ಕಾಯುವುದು.” ಅದು ಅರವತ್ತು ಜನರಿಗೂ ಕಾಣುತ್ತಿತ್ತು. ಮೇಷ್ಟ್ರಿಗೆ ಮಾತ್ರ ಚಾಟ್ ಕಾಣುತ್ತಿರಲಿಲ್ಲ, ಅದು ಬೇರೆ ಕಿಟಕಿಯ ಹಿಂದೆ ಮುಚ್ಚಿಹೋಗಿತ್ತು. ಉಪನ್ಯಾಸ ಮುಗಿದ ಮೇಲೆ ಅದನ್ನು ಓದಿಕೊಂಡು ನನಗೆ ಫೋನ್ ಮಾಡಿದರು. “ಏನಪ್ಪ, ಎರಡು ಪರದೆ ಇಟ್ಟುಕೊಂಡೂ ಹೀಗಾಯ್ತಲ್ಲ!”

ಅವರ ಮೇಜಿನ ಮೇಲೆ ಹದಿನಾಲ್ಕು ಇಂಚಿನ ವಿಂಡೋಸ್ ಲ್ಯಾಪ್‌ಟಾಪ್, ಅದರ ಎಡಕ್ಕೆ ಮಗ ಕೊಡಿಸಿದ ಇಪ್ಪತ್ತೆರಡು ಇಂಚಿನ ಮಾನಿಟರ್, ನಡುವೆ ಒಂದು ಎಚ್‌ಡಿಎಂಐ ಕೇಬಲ್ ಇದ್ದವು. ಸಾಮಾನಿನಲ್ಲಿ ಏನೂ ಕೊರತೆಯಿಲ್ಲ. ಯಾವ ಪರದೆ ಯಾರದ್ದು ಎಂದು ಕಂಪ್ಯೂಟರಿಗೆ ಸರಿಯಾಗಿ ಹೇಳಿರಲಿಲ್ಲ, ಅಷ್ಟೆ.

ಮೊದಲು ವಿಂಡೋಸ್ ಕೀಲಿ ಹಿಡಿದು P ಒತ್ತಿದೆವು. ನಾಲ್ಕು ಆಯ್ಕೆ ಬರುತ್ತವೆ. ಅದರಲ್ಲಿ Duplicate ಇದ್ದರೆ ಎರಡೂ ಪರದೆಯಲ್ಲಿ ಒಂದೇ ಚಿತ್ರ, ಎರಡನೆಯದು ಇದ್ದೂ ಇಲ್ಲದ ಹಾಗೆ. ನಮಗೆ ಬೇಕಾದದ್ದು Extend. ಆಗ ಎರಡೂ ಸೇರಿ ಒಂದೇ ಉದ್ದನೆಯ ಮೇಜಾಗುತ್ತದೆ, ಒಂದು ಕಿಟಕಿಯನ್ನು ಇಲ್ಲಿಂದ ಅಲ್ಲಿಗೆ ಎಳೆದು ಇಡಬಹುದು. ಮೇಷ್ಟ್ರದ್ದು Extendನಲ್ಲೇ ಇತ್ತು. ಆದ್ದರಿಂದ ತೊಂದರೆ ಇನ್ನೊಂದು ಹೆಜ್ಜೆ ಒಳಗಿತ್ತು.

ವಿಂಡೋಸ್‌ಗೆ ಎರಡು ಪರದೆಗಳಲ್ಲಿ ಒಂದು ಯಜಮಾನ ಪರದೆ ಇರಲೇಬೇಕು. Settings ತೆರೆದು System, ಅಲ್ಲಿಂದ Display ಒಳಗೆ ಹೋದರೆ ಎರಡು ಚೌಕಗಳು ಕಾಣುತ್ತವೆ. ಒಂದನ್ನು ಆರಿಸಿ ಕೆಳಗಿನ Make this my main display ಗುರುತು ಹಾಕಿದರೆ ಅದೇ ಯಜಮಾನ. ಮೇಷ್ಟ್ರು ದೊಡ್ಡ ಮಾನಿಟರಿಗೆ ಆ ಪಟ್ಟ ಕಟ್ಟಿದ್ದರು. ದೊಡ್ಡದಕ್ಕೆ ದೊಡ್ಡ ಮರ್ಯಾದೆ ಎಂಬುದು ಅವರ ಲೆಕ್ಕ. ಪವರ್‌ಪಾಯಿಂಟ್‌ನ ಲೆಕ್ಕವೇ ಬೇರೆ. ಅದರಲ್ಲಿ ಪರದೆಯ ಆಯ್ಕೆ Automatic ಎಂದಿದ್ದರೆ, ಅದು ಸ್ಲೈಡ್‌ಗಳನ್ನು ಯಜಮಾನನಲ್ಲದ ಪರದೆಗೆ ಕಳಿಸುತ್ತದೆ. ಟಿಪ್ಪಣಿ, ಗಡಿಯಾರ, ಮುಂದಿನ ಸ್ಲೈಡು ಇರುವ Presenter Viewಅನ್ನು ಯಜಮಾನ ಪರದೆಯಲ್ಲಿ ಇಡುತ್ತದೆ. ಹಾಗಾಗಿ ಸ್ಲೈಡು ಪುಟ್ಟ ಲ್ಯಾಪ್‌ಟಾಪಿಗೆ ಹೋಯಿತು, ಟಿಪ್ಪಣಿ ದೊಡ್ಡ ಮಾನಿಟರಿಗೆ ಬಂತು. ಝೂಮ್‌ನಲ್ಲಿ ಮೇಷ್ಟ್ರು ಹಂಚಿದ್ದು ದೊಡ್ಡ ಮಾನಿಟರನ್ನೇ. ಪವರ್‌ಪಾಯಿಂಟಾಗಲಿ ಝೂಮ್ ಆಗಲಿ ತಪ್ಪು ಮಾಡಿರಲಿಲ್ಲ. ಎರಡೂ ಹೇಳಿದ್ದನ್ನೇ ಮಾಡಿದ್ದವು.

ಲ್ಯಾಪ್‌ಟಾಪನ್ನೇ ಯಜಮಾನನನ್ನಾಗಿ ಮಾಡಲು ಇನ್ನೂ ಎರಡು ಕಾರಣಗಳಿವೆ. ಕ್ಯಾಮೆರಾ ಇರುವುದು ಅದರ ನೆತ್ತಿಯ ಮೇಲೆ. ಕೇಳುವವರ ಮುಖಗಳು ಅದರ ಕೆಳಗೇ ಇದ್ದರೆ ಮೇಷ್ಟ್ರು ಅವರನ್ನು ನೋಡಿ ಮಾತಾಡಿದಂತೆ ಕಾಣುತ್ತದೆ; ಪಕ್ಕದ ಮಾನಿಟರಿನಲ್ಲಿದ್ದರೆ ಗಂಟೆಗಟ್ಟಲೆ ಅವರ ಬಲಕಿವಿಗೆ ಪಾಠ ಕೇಳಿದಂತೆ. ಇನ್ನೊಂದು, ಮೇಲ್ ಬಂತು, ಅಪ್‌ಡೇಟ್ ಬಂತು ಎಂದು ಮೂಲೆಯಲ್ಲಿ ಪುಟಿಯುವ ಸೂಚನೆಗಳು ಸಾಮಾನ್ಯವಾಗಿ ಯಜಮಾನ ಪರದೆಯಲ್ಲೇ ಬರುತ್ತವೆ. ಅದು ನಮ್ಮ ಖಾಸಗಿ ಪರದೆಯಾಗಿದ್ದರೆ ಯಾರಿಗೂ ಕಾಣುವುದಿಲ್ಲ. ಇಲ್ಲೊಂದು ಸೂಕ್ಷ್ಮವಿದೆ. ವಿಂಡೋಸ್ 11ರಲ್ಲಿ Do not disturb ತಾನಾಗಿ ಆನ್ ಆಗುವ ಸಂದರ್ಭಗಳ ಪಟ್ಟಿಯಲ್ಲಿ Duplicate ಇದೆ, Extend ಇಲ್ಲ. ಅದನ್ನು ಕೈಯಾರೆ ಆನ್ ಮಾಡಿಕೊಳ್ಳಬೇಕು.

ಅದೇ ಚೌಕಗಳ ಪುಟದಲ್ಲಿ ಮೌಸಿನ ಕಾಟವನ್ನೂ ಮುಗಿಸಿದೆವು. ಮಾನಿಟರ್ ಮೇಜಿನ ಮೇಲೆ ಎಡಕ್ಕಿದೆ, ಚಿತ್ರದಲ್ಲಿ ಬಲಕ್ಕಿತ್ತು. ಹಾಗಾಗಿ ಮೇಷ್ಟ್ರು ಬಾಣವನ್ನು ಎಡಕ್ಕೆ ತಳ್ಳಿದರೆ ಗೋಡೆಗೆ ಬಡಿದಂತೆ ನಿಲ್ಲುತ್ತಿತ್ತು, ಬಲಕ್ಕೆ ತಳ್ಳಿದರೆ ಎಡದ ಪರದೆಯಲ್ಲಿ ಹುಟ್ಟುತ್ತಿತ್ತು. Identify ಒತ್ತಿದರೆ ಪ್ರತಿ ಪರದೆಯ ಮೇಲೂ ಅದರ ಅಂಕಿ ಮೂಡುತ್ತದೆ. ಆ ಅಂಕಿ ನೋಡಿಕೊಂಡು ಚೌಕವನ್ನು ಹಿಡಿದೆಳೆದು ಮೇಜಿನ ಮೇಲಿರುವಂತೆಯೇ ಇಟ್ಟೆವು. ಅಂಕಿಗೂ ಯಜಮಾನಿಕೆಗೂ ಸಂಬಂಧವಿಲ್ಲ ಎಂಬುದನ್ನು ಮಾತ್ರ ಮರೆಯಬಾರದು. 2ನೇ ಪರದೆಯೂ ಯಜಮಾನ ಆಗಬಹುದು.

ಇನ್ನು ಹಂಚುವ ವಿಷಯ. ಝೂಮ್‌ನಲ್ಲಿ Share ಒತ್ತಿದಾಗ ಪೂರ್ತಿ ಪರದೆಗಳೂ ತೆರೆದಿರುವ ಕಿಟಕಿಗಳೂ ಚಿಕ್ಕ ಚಿತ್ರಗಳಾಗಿ ಬರುತ್ತವೆ. ಮೇಷ್ಟ್ರ ಒಬ್ಬ ಸಹೋದ್ಯೋಗಿ ಯಾವಾಗಲೂ ಪವರ್‌ಪಾಯಿಂಟ್ ಕಿಟಕಿಯನ್ನೇ ಆರಿಸುತ್ತಾರಂತೆ, ಬೇರೇನೂ ಕಾಣದಿರಲಿ ಎಂದು. ಯೋಚನೆ ಒಳ್ಳೆಯದೇ. ಆದರೆ F5 ಒತ್ತಿದ ಕ್ಷಣ ಸ್ಲೈಡ್ ಶೋ ಬೇರೊಂದು ಕಿಟಕಿಯಾಗಿ ತೆರೆದುಕೊಳ್ಳುತ್ತದೆ. ಹಂಚಿದ ಹಳೆಯ ಕಿಟಕಿ ಹಾಗೇ ಉಳಿದು, ಇವರು ಹತ್ತನೇ ಸ್ಲೈಡಿನಲ್ಲಿದ್ದರೂ ನೋಡುಗರಿಗೆ ಎಡಗಡೆ ಸ್ಲೈಡುಗಳ ಸಾಲು ಇರುವ ಮೊದಲ ಪುಟವೇ ಕಾಣುವುದುಂಟು. ಎರಡು ಪರದೆ ಇರುವವರಿಗೆ ಆ ಪಾಡು ಬೇಡ. ಸ್ಲೈಡಿಗೆಂದೇ ಮೀಸಲಾದ ಪರದೆಯನ್ನು ಪೂರ್ತಿ ಹಂಚಿದರೆ ಸಾಕು, ಅದರಲ್ಲಿ ಸ್ಲೈಡಿನ ಹೊರತು ಮತ್ತೇನನ್ನೂ ಇಡಬಾರದು. ಆರಿಸುವಾಗ ಅಂಕಿಯನ್ನು ನಂಬದೆ ಚಿಕ್ಕ ಚಿತ್ರವನ್ನೇ ನೋಡಬೇಕು. ಹಂಚಿದ ಪರದೆಯ ಸುತ್ತ ಝೂಮ್ ಹಸಿರು ಗೆರೆ ಎಳೆಯುತ್ತದೆ, ಟೀಮ್ಸ್ ಕೆಂಪು ಗೆರೆ. ಗೆರೆ ಇರುವ ಪರದೆ ಊರಿನವರದ್ದು, ಇಲ್ಲದ್ದು ನಮ್ಮದು. ಸ್ಲೈಡೂ ಟಿಪ್ಪಣಿಯೂ ಅದಲು ಬದಲಾಗಿದ್ದು ಮಾತಿನ ಮಧ್ಯೆ ತಿಳಿದರೆ ಶೋ ನಿಲ್ಲಿಸಬೇಕಿಲ್ಲ. Presenter View ಮೇಲಿನ Display Settings ಒಳಗೆ Swap Presenter View and Slide Show ಎಂದಿದೆ. ಒಂದೇ ಒತ್ತಿಗೆ ಎರಡೂ ಜಾಗ ಬದಲಿಸಿಕೊಳ್ಳುತ್ತವೆ.

ಹೀಗೆಲ್ಲ ಮಾಡಿದ ಮೇಲೂ ಮೇಷ್ಟ್ರಿಗೆ ಚಾಟ್ ಕಾಣಲಿಲ್ಲ. ಇದನ್ನು ಯಾರೂ ಮೊದಲೇ ಹೇಳುವುದಿಲ್ಲ: Presenter View ತೆರೆದುಕೊಂಡರೆ ಲ್ಯಾಪ್‌ಟಾಪ್ ಪರದೆಯನ್ನು ಅಂಚಿನಿಂದ ಅಂಚಿಗೆ ನುಂಗಿಬಿಡುತ್ತದೆ, ಮೀಟಿಂಗ್ ಕಿಟಕಿ ಅದರಡಿಗೆ ಸೇರುತ್ತದೆ. ಆದರೆ ಅದೂ ಒಂದು ಕಿಟಕಿಯೇ. ಮೇಲಿನ ಬಲಮೂಲೆಯ ಗುಂಡಿಯಿಂದ ಅದನ್ನು ಕುಗ್ಗಿಸಿ ಎಡಕ್ಕೆ ಮೂರರಲ್ಲಿ ಎರಡು ಪಾಲು ಕೊಟ್ಟೆವು, ಉಳಿದ ಒಂದು ಪಾಲಿನಲ್ಲಿ ಮೇಲೆ ಮುಖಗಳು, ಕೆಳಗೆ ಚಾಟ್. ಹದಿನಾಲ್ಕು ಇಂಚಿನಲ್ಲಿ ಇಕ್ಕಟ್ಟೇ ಸರಿ. ಟಿಪ್ಪಣಿ ನಾಲ್ಕೇ ಸಾಲಿದ್ದರೆ Slide Show ಪಟ್ಟಿಯಲ್ಲಿ Use Presenter View ಗುರುತು ತೆಗೆದು, ಆ ನಾಲ್ಕು ಸಾಲನ್ನು ಕಾಗದದ ಮೇಲೆ ಬರೆದು ಪಕ್ಕದಲ್ಲಿಟ್ಟುಕೊಳ್ಳುವುದೇ ನನಗೆ ಮೇಲು ಅನ್ನಿಸುತ್ತದೆ. ಮೇಷ್ಟ್ರು ಒಪ್ಪಲಿಲ್ಲ.

ಇನ್ನೊಂದು ಸಣ್ಣ ಕಿತಾಪತಿ. ಪರದೆ ಹಂಚಿದ ಕೂಡಲೇ ಝೂಮ್‌ನ ಗುಂಡಿಗಳೆಲ್ಲ, ಅಂದರೆ ಮೈಕು, ಚಾಟು, ಹಂಚಿಕೆ ನಿಲ್ಲಿಸುವ ಕೆಂಪು ಗುಂಡಿ, ಒಂದು ತೇಲುವ ಪಟ್ಟಿಯಾಗಿ ಹಂಚಿದ ಪರದೆಯ ನೆತ್ತಿಯಲ್ಲಿ ಕೂರುತ್ತವೆ. ಆನ್‌ಲೈನ್ ಕೇಳುಗರಿಗೆ ಸಾಮಾನ್ಯವಾಗಿ ಅದು ಕಾಣುವುದಿಲ್ಲ, ಝೂಮ್ ತನ್ನ ಕಿಟಕಿಗಳನ್ನು ಚಿತ್ರದಿಂದ ತೆಗೆದೇ ಕಳಿಸುತ್ತದೆ. ಮನೆಯಲ್ಲಿ ಒಬ್ಬರೇ ಕೂತಿದ್ದರೆ ಅದರ ಚಿಂತೆಯಿಲ್ಲ. ಆದರೆ ಮುಂದಿನ ತಿಂಗಳು ಮೇಷ್ಟ್ರ ಭಾಷಣ ಒಂದು ಸಭಾಂಗಣದಲ್ಲಿ, ಎದುರಿಗೆ ನೂರು ಜನ, ಆನ್‌ಲೈನಿನಲ್ಲಿ ಇನ್ನಷ್ಟು. ಅಲ್ಲಿ ಎರಡನೇ ಪರದೆ ಎಂದರೆ ಪ್ರೊಜೆಕ್ಟರ್. ಪ್ರೊಜೆಕ್ಟರಿಗೆ ಝೂಮ್‌ನ ನಾಚಿಕೆ ಗೊತ್ತಿಲ್ಲ. ಆ ಪಟ್ಟಿಯೂ, ಅದರ ಕೆಳಗೆ ಇಣುಕುವ “ಸರ್, ಧ್ವನಿ ಕೇಳುತ್ತಿಲ್ಲ” ಎಂಬ ಸಂದೇಶವೂ ಗೋಡೆಯ ಮೇಲೆ ಆಳೆತ್ತರಕ್ಕೆ ಬೀಳುತ್ತವೆ. ಪಟ್ಟಿಯನ್ನು ಮೌಸಿನಿಂದ ಹಿಡಿದು ಲ್ಯಾಪ್‌ಟಾಪ್ ಪರದೆಗೆ ಎಳೆದಿಟ್ಟರೆ ಮುಗಿಯಿತು. ಗೂಗಲ್ ಮೀಟ್‌ನಲ್ಲಿ ಗುಂಡಿಗಳು ಬ್ರೌಸರ್ ಕಿಟಕಿಯೊಳಗೇ ಇರುವುದರಿಂದ ಇಡೀ ಕಿಟಕಿಯನ್ನೇ ನಮ್ಮ ಪರದೆಯಲ್ಲಿ ಇಟ್ಟುಕೊಳ್ಳಬೇಕು. ಅದು ಹಂಚಿದ ಪರದೆಗೆ ಹೋದರೆ ಮೀಟ್ ತನ್ನನ್ನೇ ತಾನು ತೋರಿಸತೊಡಗಿ, ಸಲೂನಿನ ಎದುರುಬದುರು ಕನ್ನಡಿಯಂತೆ ಪರದೆಯೊಳಗೆ ಪರದೆ ಸಾಲುಗಟ್ಟುತ್ತದೆ.

ಸ್ಲೈಡು ಮುಂದಕ್ಕೆ ಹೋಗುತ್ತಿಲ್ಲ ಎಂಬ ದೂರು ಎರಡು ಪರದೆಯವರಲ್ಲಿ ಬಲು ಸಾಮಾನ್ಯ. ಕೀಬೋರ್ಡ್ ಒಂದು ಹೊತ್ತಿಗೆ ಒಂದೇ ಕಿಟಕಿಯ ಮಾತು ಕೇಳುತ್ತದೆ, ಕೊನೆಗೆ ಕ್ಲಿಕ್ ಮಾಡಿದ್ದು ಯಾವುದೋ ಅದರದ್ದು. ಚಾಟ್‌ಗೆ ಉತ್ತರ ಬರೆದು ಸ್ಪೇಸ್ ಒತ್ತಿದರೆ ಚಾಟ್ ಪೆಟ್ಟಿಗೆಯಲ್ಲಿ ಖಾಲಿ ಜಾಗ ಬೀಳುತ್ತದೆಯೇ ಹೊರತು ಸ್ಲೈಡು ಸರಿಯುವುದಿಲ್ಲ. ಝೂಮ್‌ನಲ್ಲಿ ಸ್ಪೇಸ್ ಒತ್ತಿ ಹಿಡಿದರೆ ಮೈಕ್ ತೆರೆಯುವ ಏರ್ಪಾಟೂ ಇದೆ. ಅದು ಆನ್ ಇದ್ದರೆ, ಮ್ಯೂಟ್‌ನಲ್ಲಿ ಕೂತು “ಇದ್ಯಾಕೆ ಹೋಗ್ತಿಲ್ಲ” ಎಂದು ಗೊಣಗಿದ್ದು ಎಲ್ಲರಿಗೂ ಕೇಳಿಸಬಹುದು. ಚಾಟ್ ಮುಗಿಸಿದ ಮೇಲೆ Presenter View ಮೇಲೆ ಒಮ್ಮೆ ಕ್ಲಿಕ್ ಮಾಡಿ, ಬಾಣದ ಕೀಲಿಯಿಂದಲೇ ಮುಂದೆ ಹೋಗಿ ಎಂದು ಮೇಷ್ಟ್ರಿಗೆ ಹೇಳಿದೆ.

ಎಲ್ಲ ಸರಿಯಿದೆಯೇ ಎಂದು ತಿಳಿಯಲು “ನಿಮಗೆ ಕಾಣ್ತಿದೆಯಾ?” ಎಂದು ಕೇಳುತ್ತ ಕೂರಬೇಕಿಲ್ಲ. ಕಾಣುತ್ತಿದೆ ಎಂದವರಿಗೆ ಕಾಣುತ್ತಿದ್ದದ್ದು ಟಿಪ್ಪಣಿಯೂ ಆಗಿರಬಹುದು, ಆ ಭಾನುವಾರ ಆದದ್ದೂ ಅದೇ. ನಾವು ಮಾಡಿದ್ದಿಷ್ಟು. ಮೇಷ್ಟ್ರ ಫೋನಿನಿಂದಲೇ ಅದೇ ಮೀಟಿಂಗಿಗೆ ಇನ್ನೊಬ್ಬರಾಗಿ ಸೇರಿ, ಫೋನಿನ ಆಡಿಯೊ ಜೋಡಿಸದೆ ಬಿಟ್ಟೆವು, ಜೋಡಿಸಿದರೆ ಮಾತು ಮರುದನಿಸಿ ಕೀಚಲು ಸದ್ದು ಬರುತ್ತದೆ. ಫೋನನ್ನು ಲ್ಯಾಪ್‌ಟಾಪಿನ ಪಕ್ಕ ನಿಲ್ಲಿಸಿದೆವು. ಅದರಲ್ಲಿ ಕಾಣುವುದೇ ಜನರಿಗೆ ಕಾಣುವುದು. ಅಕ್ಷರ ತೀರಾ ಚಿಕ್ಕದಾದರೂ ಅಲ್ಲೇ ಗೊತ್ತಾಗುತ್ತದೆ; ಎಷ್ಟೋ ಜನ ಫೋನಿನಲ್ಲೇ ನೋಡುವವರು ತಾನೆ.

ಮರುವಾರ ಉಪನ್ಯಾಸ ಅಚ್ಚುಕಟ್ಟಾಗಿ ಸಾಗಿತ್ತು, ರಾಹು ಜೋಕಿನ ತನಕ. ಅಷ್ಟರಲ್ಲಿ ಕರೆಂಟು ಹೋಯಿತು. ವೈಫೈ ಇನ್ವರ್ಟರಿನಲ್ಲಿತ್ತು, ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ ಉಳಿಯಿತು, ಮಾನಿಟರ್ ಮಾತ್ರ ಆರಿತು. ಮಾನಿಟರ್ ಇಲ್ಲವೆಂದು ವಿಂಡೋಸ್‌ಗೆ ಗೊತ್ತಾದ ಕೂಡಲೇ ಅಲ್ಲಿದ್ದದ್ದನ್ನೆಲ್ಲ ಲ್ಯಾಪ್‌ಟಾಪಿಗೆ ಸುರಿಯಿತು, ಹಂಚಿಕೆ ಕಡಿದುಹೋಯಿತು. ಮೇಷ್ಟ್ರು ಗಾಬರಿಯಾಗದೆ ಉಳಿದ ಒಂದೇ ಪರದೆಯನ್ನು ಮತ್ತೆ ಹಂಚಿ, ಬಾಯಿಪಾಠದಲ್ಲೇ ಜೋಕು ಹೇಳಿ ಮುಗಿಸಿದರು. ಸೋಮವಾರ ಎಲೆಕ್ಟ್ರಿಷಿಯನ್ ಬಂದು ಮಾನಿಟರಿನ ಪ್ಲಗ್ಗಿಗೂ ಇನ್ವರ್ಟರ್ ಲೈನ್ ಎಳೆದುಕೊಟ್ಟ.